ವಿಮಾನ ನಿಲ್ದಾಣದ ಒಳಗೆ ಪಾಸ್‌ಪೋರ್ಟ್, ಬೋರ್ಡಿಂಗ್ ಪಾಸ್ ಅಥವಾ ಪರ್ಸ್ ಕಳೆದರೆ: ಮೊದಲು ಹೋಗಬೇಕಾದದ್ದು ಯಾರ ಬಳಿ?

ಪ್ರಶ್ನೆ: ನಾನು ಮತ್ತು ನಮ್ಮ ಯಜಮಾನರು ಮಗಳ ಮನೆಗೆಂದು ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಹೊರಟಿದ್ದೇವೆ. ಇಬ್ಬರಿಗೂ ಅರವತ್ತು ದಾಟಿದೆ, ಇದೇ ಮೊದಲ ವಿದೇಶ ಪ್ರಯಾಣ. ನಿಲ್ದಾಣದ ಒಳಗೆ ಹೋದ ಮೇಲೆ ಪಾಸ್‌ಪೋರ್ಟೋ, ಬೋರ್ಡಿಂಗ್ ಪಾಸೋ, ಪರ್ಸೋ ಕಳೆದುಹೋದರೆ ಏನು ಮಾಡಬೇಕು? ಹುಡುಕುತ್ತಾ ಕೂತರೆ ವಿಮಾನ ಹೊರಟುಬಿಡುತ್ತದೆ, ಹುಡುಕದಿದ್ದರೆ ಹತ್ತಿಸಿಕೊಳ್ಳುವುದಿಲ್ಲ. ಯಾರನ್ನು ಕೇಳಬೇಕು ಎಂಬುದೇ ಗೊತ್ತಿಲ್ಲ. ದಯವಿಟ್ಟು ತಿಳಿಸಿ.

ಉತ್ತರ: ಮೂರರಲ್ಲಿ ಯಾವುದೇ ಕಳೆದರೂ ಮೊದಲು ಹೋಗಬೇಕಾದದ್ದು ನಿಮ್ಮ ವಿಮಾನ ಸಂಸ್ಥೆಯ ಸಿಬ್ಬಂದಿಯ ಬಳಿ. ಹುಡುಕಾಟ ಅದರ ನಂತರದ್ದು. ಹೆಚ್ಚಿನವರು ಇದನ್ನು ತಲೆಕೆಳಗು ಮಾಡುತ್ತಾರೆ. ಬ್ಯಾಗುಗಳನ್ನೆಲ್ಲ ನೆಲಕ್ಕೆ ಸುರಿದು, ಇಬ್ಬರೂ ಎರಡು ದಿಕ್ಕಿಗೆ ಓಡಿ, ಅರ್ಧ ಗಂಟೆ ಕಳೆದ ಮೇಲೆ ಬೆವರುತ್ತಾ ಗೇಟಿಗೆ ಬರುತ್ತಾರೆ. ಆ ಅರ್ಧ ಗಂಟೆಯಲ್ಲಿ ಸಿಬ್ಬಂದಿಯ ಕೈಯಲ್ಲಿರುವ ವಾಕಿಟಾಕಿಯ ಮೂಲಕ ಚೆಕ್-ಇನ್ ಕೌಂಟರ್, ಗೇಟ್ ಮತ್ತು ಭದ್ರತಾ ಸಿಬ್ಬಂದಿಗೆ ಸುದ್ದಿ ಮುಟ್ಟಿಸಬಹುದಾಗಿತ್ತು. ನಾನು ಬಹಳ ಕಾಲ ಪ್ರಯಾಣಿಕರ ಚೆಕ್-ಇನ್ ಮತ್ತು ಗೇಟ್ ಕೆಲಸ ನೋಡಿಕೊಂಡವನು. ನಾನು ಕಂಡಂತೆ, ಬೇಗ ಬಾಯಿಬಿಟ್ಟು ಹೇಳಿದವರ ವಸ್ತು ಸಿಗುವ ಸಾಧ್ಯತೆ ಹೆಚ್ಚು, ಸಂಕೋಚದಿಂದ ತಾವೇ ಹುಡುಕುತ್ತಾ ನಿಂತವರಿಗೆ ಸಮಯ ಸಾಲುವುದಿಲ್ಲ.

ನಿಮ್ಮ ಪ್ರಯಾಣವನ್ನೇ ಎದುರಿಗಿಟ್ಟುಕೊಂಡು ಹೇಳುತ್ತೇನೆ. ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣದಲ್ಲಿ ಅಂತರರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ ಎರಡನೇ ಟರ್ಮಿನಲ್‌ನಿಂದ ಹೊರಡುತ್ತಿವೆ. ಅಲ್ಲಿ ನೀವು ಹಾದುಹೋಗುವ ಹಂತಗಳು ಹೀಗಿವೆ: ಮೊದಲು ಪ್ರವೇಶ ದ್ವಾರದಲ್ಲಿ ಕೇಂದ್ರ ಕೈಗಾರಿಕಾ ಭದ್ರತಾ ಪಡೆಯವರು, ಅಂದರೆ ಸಿಐಎಸ್‌ಎಫ್‌ನವರು, ಟಿಕೆಟ್ ಮತ್ತು ಪಾಸ್‌ಪೋರ್ಟ್ ನೋಡುತ್ತಾರೆ. ನಂತರ ಚೆಕ್-ಇನ್ ಕೌಂಟರ್. ಆಮೇಲೆ ಇಮಿಗ್ರೇಷನ್, ಅಂದರೆ ದೇಶ ಬಿಡುವವರ ಪಾಸ್‌ಪೋರ್ಟ್ ನೋಡಿ ಮುದ್ರೆ ಹೊಡೆಯುವ ಜಾಗ, ಅದಾದ ಮೇಲೆ ಸೆಕ್ಯುರಿಟಿ ಚೆಕ್, ಅಲ್ಲಿಂದ ಮುಂದೆ ಅಂಗಡಿ, ಹೋಟೆಲು, ಕುರ್ಚಿಗಳಿರುವ ಕಾಯುವ ಜಾಗ, ಕೊನೆಗೆ ಗೇಟ್.

ಪಾಸ್‌ಪೋರ್ಟ್ ಇಲ್ಲ ಎಂದು ಗೊತ್ತಾದ ಕ್ಷಣ ಈ ಸಾಲನ್ನು ಮನಸ್ಸಿನಲ್ಲಿ ಹಿಂದಕ್ಕೆ ಓದಿಕೊಳ್ಳಿ. ಪಾಸ್‌ಪೋರ್ಟ್ ತೋರಿಸದೆ ದಾಟಲಾಗದ ಕೊನೆಯ ಜಾಗ ಯಾವುದು? ಇಮಿಗ್ರೇಷನ್ ದಾಟಿದ್ದೀರಿ ಎಂದರೆ ಅಲ್ಲಿಯವರೆಗೆ ಪಾಸ್‌ಪೋರ್ಟ್ ನಿಮ್ಮ ಕೈಯಲ್ಲಿತ್ತು ಎಂಬುದರಲ್ಲಿ ಅನುಮಾನವೇ ಇಲ್ಲ. ಮನೆಯಲ್ಲಿ ಬಿಟ್ಟೆನೇ, ಟ್ಯಾಕ್ಸಿಯಲ್ಲಿ ಬಿತ್ತೇ, ಚೆಕ್-ಇನ್ ಮಾಡಿದ ಸೂಟ್‌ಕೇಸಿನೊಳಗೆ ಹೋಯಿತೇ ಎಂಬ ಯೋಚನೆಗಳನ್ನೆಲ್ಲ ಅಲ್ಲಿಗೇ ಕೈಬಿಡಬಹುದು. ಅದು ಇಮಿಗ್ರೇಷನ್ ಮೇಜಿಗೂ ನೀವು ನಿಂತಿರುವ ಜಾಗಕ್ಕೂ ನಡುವೆ ಎಲ್ಲೋ ಇದೆ. ಈ ನಡುವಿನ ಜಾಗ ನಾಲ್ಕೂ ಕಡೆ ಮುಚ್ಚಿದ್ದು. ಅಲ್ಲಿರುವವರು ಪ್ರಯಾಣಿಕರು ಮತ್ತು ಪಾಸ್ ಧರಿಸಿದ ಸಿಬ್ಬಂದಿ ಮಾತ್ರ, ಅಲ್ಲಿ ಬಿದ್ದ ವಸ್ತು ಬೀದಿಯಲ್ಲಿ ಬಿದ್ದಂತೆ ಕಾಣೆಯಾಗುವುದಿಲ್ಲ. ಚೆಕ್-ಇನ್ ಆಗಿದೆ, ಆದರೆ ಇಮಿಗ್ರೇಷನ್ ಸಾಲಿನಲ್ಲಿ ನಿಂತಾಗ ಗೊತ್ತಾಯಿತು ಎಂದಾದರೆ ಹುಡುಕಬೇಕಾದ ಜಾಗ ಇನ್ನೂ ಚಿಕ್ಕದು: ಚೆಕ್-ಇನ್ ಕೌಂಟರ್‌ನ ಕಟ್ಟೆ, ತೂಕ ಹೆಚ್ಚಾಯಿತೆಂದು ಸೂಟ್‌ಕೇಸ್ ಬಿಚ್ಚಿ ಜೋಡಿಸಿಕೊಂಡ ಮೂಲೆ, ವಿದೇಶಿ ಹಣ ಬದಲಾಯಿಸಿದ ಕೌಂಟರ್, ಶೌಚಾಲಯ, ಮತ್ತು ತಳ್ಳುಗಾಡಿಯ ಮುಂಭಾಗದ ಚಿಕ್ಕ ಬುಟ್ಟಿ. ಈ ಬುಟ್ಟಿಯನ್ನು ಬಹಳ ಜನ ಮರೆಯುತ್ತಾರೆ. ಇಮಿಗ್ರೇಷನ್‌ಗೆ ಹೋಗುವಾಗ ಗಾಡಿಯನ್ನು ಅಲ್ಲೇ ಬಿಡುತ್ತಾರೆ, ಬುಟ್ಟಿಯಲ್ಲಿಟ್ಟ ಕಾಗದಪತ್ರ ಅದರ ಜೊತೆಗೇ ಉಳಿದುಬಿಡುತ್ತದೆ.

ಸಿಬ್ಬಂದಿಯ ಬಳಿ ಹೇಳುವಾಗ ಮಾತು ಚಿಕ್ಕದಿರಲಿ, ಆದರೆ ನಾಲ್ಕು ವಿಷಯ ಅದರಲ್ಲಿರಲಿ: ಯಾವ ವಿಮಾನ, ಯಾರ ಹೆಸರಿನ ಪಾಸ್‌ಪೋರ್ಟ್, ಕೊನೆಗೆ ಎಲ್ಲಿ ತೋರಿಸಿದಿರಿ, ಆಗ ಸುಮಾರು ಎಷ್ಟು ಗಂಟೆ. ಪಾಸ್‌ಪೋರ್ಟ್‌ಗೆ ಹೊದಿಕೆ ಇದ್ದರೆ ಅದರ ಬಣ್ಣವನ್ನೂ ಹೇಳಿ. ಭಾರತೀಯರ ಪಾಸ್‌ಪೋರ್ಟ್‌ಗಳೆಲ್ಲ ಹೊರಗಿನಿಂದ ಒಂದೇ ಥರ ಕಾಣುವುದರಿಂದ ಹೊದಿಕೆಯ ಬಣ್ಣವೇ ದೂರದಿಂದ ಗುರುತು ಸಿಗುವ ಅಂಶ. ನಿಮ್ಮ ಗೇಟಿನಲ್ಲಿ ಇನ್ನೂ ಯಾರೂ ಬಂದಿರದಿದ್ದರೆ ಅದೇ ಸಂಸ್ಥೆಯ ಬೇರೆ ಗೇಟಿನವರ ಬಳಿ ಹೋಗಿ. ಅವರೂ ಕಾಣದಿದ್ದರೆ ಹತ್ತಿರದ ಮಾಹಿತಿ ಕೌಂಟರ್‌ನವರನ್ನಾಗಲಿ, ಸಿಐಎಸ್‌ಎಫ್‌ನವರನ್ನಾಗಲಿ ಕೇಳಿ, ನಿಮ್ಮ ಸಂಸ್ಥೆಯ ಕರ್ತವ್ಯದಲ್ಲಿರುವ ಅಧಿಕಾರಿಯನ್ನು ಕರೆಸಿ ಎಂದು ವಿನಂತಿಸಿಕೊಳ್ಳಿ. ಧ್ವನಿವರ್ಧಕದಲ್ಲಿ ಕೂಗಿ ಹೇಳಿಸುತ್ತಾರೆ ಎಂದು ಮಾತ್ರ ನೆಚ್ಚಿಕೊಳ್ಳಬೇಡಿ. ಹಲವು ನಿಲ್ದಾಣಗಳಲ್ಲಿ ಈಗ ಘೋಷಣೆಗಳನ್ನು ಬಹಳ ಕಡಿಮೆ ಮಾಡಿದ್ದಾರೆ.

ವಿಮಾನ ಸಂಸ್ಥೆಗೇ ಮೊದಲು ಏಕೆ ಎಂದು ನೀವು ಕೇಳಬಹುದು. ನನ್ನ ಕೆಲಸದ ದಿನಗಳಲ್ಲಿ ಕಂಡ ಒಂದು ಪ್ರಕರಣ ಇದನ್ನು ಚೆನ್ನಾಗಿ ತೋರಿಸುತ್ತದೆ. ನಿಮ್ಮಂತೆಯೇ ಮಗನ ಮನೆಗೆ ಹೊರಟಿದ್ದ ಹಿರಿಯ ದಂಪತಿ, ವಿಮಾನ ಬೆಳಗಿನ ಜಾವ 3 ಗಂಟೆ ದಾಟಿದ ಮೇಲೆ. ಇಮಿಗ್ರೇಷನ್, ಸೆಕ್ಯುರಿಟಿ ಎಲ್ಲ ಮುಗಿಸಿ ಸುಂಕರಹಿತ ಅಂಗಡಿಯಲ್ಲಿ ಮೊಮ್ಮಗನಿಗೆ ಚಾಕೊಲೇಟ್ ಕೊಂಡು, ಕಾಫಿ ಕುಡಿಯಲು ಕುಳಿತಾಗ ಯಜಮಾನರ ಪಾಸ್‌ಪೋರ್ಟ್ ಇಲ್ಲ ಎಂದು ಗೊತ್ತಾಯಿತು. ಆಗ ಸಮಯ 1 ಗಂಟೆ 40 ನಿಮಿಷ. ಆಕೆ ಕಾಫಿ ಮೇಜಿನ ಕೆಳಗೆ, ಕುರ್ಚಿಗಳ ಸಂದಿಯಲ್ಲಿ ಹುಡುಕಿದರು. ಆತ ಸೆಕ್ಯುರಿಟಿ ಕಡೆಗೆ ಹೋಗಿ, ಟ್ರೇಯಲ್ಲಿ ಬಿಟ್ಟಿರಬೇಕೆಂದು ಅಲ್ಲಿದ್ದವರನ್ನು ಕೇಳಿದರು. ಅಲ್ಲಿ ಇರಲಿಲ್ಲ. ಮತ್ತೆ ಶೌಚಾಲಯ, ಮತ್ತೆ ಕಾಫಿ ಅಂಗಡಿ. 2 ಗಂಟೆ 15 ನಿಮಿಷಕ್ಕೆ ಗೇಟಿಗೆ ಬಂದು ವಿಷಯ ಹೇಳಿದರು.

ಅವರ ಕೈಚೀಲದಲ್ಲಿದ್ದ ಚಾಕೊಲೇಟಿನ ಬಿಲ್ಲನ್ನು ತೆಗೆಸಿ ನೋಡಿದೆವು. ಅದರ ಮೇಲೆ 1 ಗಂಟೆ 22 ನಿಮಿಷ ಎಂದು ಅಚ್ಚಾಗಿತ್ತು. ಸುಂಕರಹಿತ ಅಂಗಡಿಯಲ್ಲಿ ಬಿಲ್ ಮಾಡಬೇಕಾದರೆ ಪ್ರಯಾಣದ ವಿವರ ತೋರಿಸಬೇಕು. ಬೋರ್ಡಿಂಗ್ ಪಾಸ್ ಇದ್ದದ್ದು ಪಾಸ್‌ಪೋರ್ಟಿನ ಹಾಳೆಗಳ ನಡುವೆ, ಅಂದರೆ 1.22ಕ್ಕೆ ಪಾಸ್‌ಪೋರ್ಟ್ ಅವರ ಕೈಯಲ್ಲಿತ್ತು. ಸೆಕ್ಯುರಿಟಿ ಚೆಕ್ ಮುಗಿದದ್ದು ಅದಕ್ಕಿಂತ ಮೊದಲು, ಹಾಗಾಗಿ ಅಲ್ಲಿ ಹುಡುಕಿದ್ದರಿಂದ ಪ್ರಯೋಜನವೇ ಇರಲಿಲ್ಲ. ಉಳಿದದ್ದು ಹದಿನೆಂಟು ನಿಮಿಷ ಮತ್ತು ಅಂಗಡಿಯಿಂದ ಕಾಫಿ ಮೇಜಿನವರೆಗಿನ ದಾರಿ. ಅಂಗಡಿಗೆ ಕೇಳಿಸಿದಾಗ ತಿಳಿದದ್ದು, ಬಿಲ್ಲಿನ ಕಟ್ಟೆಯ ಮೇಲೆ ಉಳಿದಿದ್ದ ಪಾಸ್‌ಪೋರ್ಟನ್ನು ಅಲ್ಲಿಯ ಹುಡುಗಿ ತನ್ನ ಮೇಲ್ವಿಚಾರಕರಿಗೆ ಕೊಟ್ಟಿದ್ದಳು, ಅವರು ಒಳಗಿದ್ದ ಬೋರ್ಡಿಂಗ್ ಪಾಸಿನಲ್ಲಿ ವಿಮಾನದ ಸಂಖ್ಯೆ ನೋಡಿ ಅದನ್ನು ನಮ್ಮ ಸಿಬ್ಬಂದಿಯೊಬ್ಬರ ಕೈಗೆ ಆಗಲೇ ಒಪ್ಪಿಸಿದ್ದರು. ಅವರು ಗೇಟಿನ ಕಡೆಗೆ ನಡೆದು ಬರುತ್ತಿದ್ದರು. ಸಿಕ್ಕ ಪಾಸ್‌ಪೋರ್ಟ್ ವಿಮಾನ ಸಂಸ್ಥೆಯ ಕಡೆಗೆ ಹರಿದುಬರುವುದು ಸಹಜ. ಏಕೆಂದರೆ ಸಿಕ್ಕವರಿಗೆ ನೀವು ಎಲ್ಲಿ ಕುಳಿತಿದ್ದೀರಿ ಎಂದು ಗೊತ್ತಿರುವುದಿಲ್ಲ, ಆದರೆ ಯಾವ ವಿಮಾನ ಹತ್ತುತ್ತೀರಿ ಎಂದು ಬೋರ್ಡಿಂಗ್ ಪಾಸ್ ಹೇಳುತ್ತದೆ. ಕಳೆದುಕೊಂಡವರೂ ಅಲ್ಲಿಗೇ ಬಂದರೆ ಎರಡು ಸುದ್ದಿಗಳು ಒಂದಕ್ಕೊಂದು ಸೇರುತ್ತವೆ.

ಇದರಿಂದ ತೆಗೆದುಕೊಳ್ಳಬಹುದಾದ ಇನ್ನೊಂದು ಉಪಾಯ, ಸಮಯ ಅಚ್ಚಾಗಿರುವ ಕಾಗದ ಅಥವಾ ಸಂದೇಶ ಹುಡುಕುವುದು. ಕಾಫಿಯ ಬಿಲ್, ಹಣ ಹೋದಾಗ ಬ್ಯಾಂಕಿನಿಂದ ಬಂದ ಸಂದೇಶ, ಮಗಳಿಗೆ ‘ಇಮಿಗ್ರೇಷನ್ ಆಯಿತು’ ಎಂದು ಕಳಿಸಿದ ವಾಟ್ಸ್ಆ್ಯಪ್, ಕಾಯುವಾಗ ತೆಗೆದ ಫೋಟೊ, ಇವೆಲ್ಲ ನಿಮ್ಮ ನೆನಪಿಗಿಂತ ಖಚಿತ. ಗಾಬರಿಯಲ್ಲಿ ನೆನಪು ಮೋಸ ಮಾಡುತ್ತದೆ. ಫೋಟೊದಲ್ಲಿ ಕೈಯಲ್ಲಿ ಪಾಸ್‌ಪೋರ್ಟ್ ಕಾಣುತ್ತಿದೆಯೇ ಎಂದೂ ಹಿಗ್ಗಿಸಿ ನೋಡಿ. ಹೀಗೆ ಸಮಯ ಮತ್ತು ಜಾಗ ಖಚಿತವಾದರೆ ಕ್ಯಾಮೆರಾ ದೃಶ್ಯ ನೋಡುವಂತೆ ವಿನಂತಿಸಲು ಸಾಧ್ಯವಾಗುತ್ತದೆ. ದೃಶ್ಯವನ್ನು ನಿಮಗೆ ತೋರಿಸುವುದಿಲ್ಲ, ಭದ್ರತಾ ಸಿಬ್ಬಂದಿಯೇ ನೋಡುತ್ತಾರೆ. ‘ಎಲ್ಲೋ ಕಳೆಯಿತು’ ಎಂದರೆ ಅವರು ಏನನ್ನೂ ಮಾಡಲಾರರು. ‘1.20ರಿಂದ 1.40ರ ನಡುವೆ, ಇಂಥ ಅಂಗಡಿಯ ಮುಂದೆ, ನಾನು ನೀಲಿ ಸೀರೆ ಉಟ್ಟಿದ್ದೆ’ ಎಂದರೆ ಅವರಿಗೆ ಹುಡುಕಲು ಒಂದು ಹಿಡಿ ಸಿಗುತ್ತದೆ.

ಹುಡುಕುವ ಕೆಲಸವನ್ನು ಇಬ್ಬರೂ ಹಂಚಿಕೊಳ್ಳಿ, ಆದರೆ ಒಬ್ಬರು ಗೇಟಿನ ಬಳಿಯೇ ಇರಬೇಕು. ಹುಡುಕಲು ಹೋದವರ ಫೋನ್ ಕೈಯಲ್ಲಿರಲಿ. ಗಾಬರಿಯಲ್ಲಿ ಸಾಮಾನುಗಳನ್ನು ಯಾರೂ ಇಲ್ಲದೆ ಬಿಟ್ಟು ಓಡಬಾರದು, ವಾರಸುದಾರರಿಲ್ಲದ ಚೀಲವನ್ನು ಭದ್ರತಾ ಪಡೆ ಅನುಮಾನದಿಂದಲೇ ನೋಡುತ್ತದೆ, ಆಗ ಒಂದು ತೊಂದರೆ ಎರಡಾಗುತ್ತದೆ.

ಎಲ್ಲಕ್ಕಿಂತ ಮೊದಲು ನಿಮ್ಮ ಇಬ್ಬರ ಬಳಿ ಇರುವುದನ್ನೇ ಸರಿಯಾಗಿ ನೋಡಿಕೊಳ್ಳಿ, ಅದಕ್ಕೆ ಎರಡು ನಿಮಿಷ ಸಾಕು. ದಂಪತಿ ಜೊತೆಯಾಗಿ ಚೆಕ್-ಇನ್ ಮಾಡಿದಾಗ ಎರಡೂ ಪಾಸ್‌ಪೋರ್ಟ್‌ಗಳನ್ನು ಒಂದರ ಮೇಲೊಂದಿಟ್ಟು ಒಬ್ಬರ ಕೈಗೆ ಕೊಡುತ್ತಾರೆ. ಒಂದು ಹೊದಿಕೆಯೊಳಗೆ ಎರಡು ಪಾಸ್‌ಪೋರ್ಟ್ ಸೇರಿಕೊಂಡಿರುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಗಾಲಿಕುರ್ಚಿ ಕೇಳಿಕೊಂಡಿದ್ದರೆ ಕುರ್ಚಿ ತಳ್ಳುವ ಸಹಾಯಕರು ಪ್ರತಿ ಹಂತದಲ್ಲೂ ಕಾಗದಪತ್ರವನ್ನು ತಾವೇ ತೋರಿಸುತ್ತಾರೆ. ಪಾಸ್‌ಪೋರ್ಟ್ ಅವರ ಕೈಯಲ್ಲಿರಬಹುದು, ಅಥವಾ ಕುರ್ಚಿಯ ಬೆನ್ನಿನ ಚೀಲದಲ್ಲಿರಬಹುದು, ಆ ಕುರ್ಚಿ ಅಷ್ಟರಲ್ಲಿ ಬೇರೊಬ್ಬರನ್ನು ಕರೆತರಲು ಹೋಗಿರಲೂಬಹುದು. ಗಾಲಿಕುರ್ಚಿ ಬಳಸುವುದಾದರೆ ಸಹಾಯಕರು ನಿಮ್ಮನ್ನು ಗೇಟಿನಲ್ಲಿ ಬಿಟ್ಟು ಹೊರಡುವ ಮುನ್ನ ಪಾಸ್‌ಪೋರ್ಟ್ ಮತ್ತು ಬೋರ್ಡಿಂಗ್ ಪಾಸನ್ನು ಕೇಳಿ ಕೈಗೆ ಪಡೆದುಕೊಳ್ಳಿ.

ಇನ್ನು ಗಡಿಯಾರದ ವಿಷಯ. ಗೇಟ್ ಮುಚ್ಚುವ ಸಮಯ ಸಾಮಾನ್ಯವಾಗಿ ವಿಮಾನ ಹೊರಡುವುದಕ್ಕೆ 20ರಿಂದ 25 ನಿಮಿಷ ಮೊದಲು, ನಿಮ್ಮ ಬೋರ್ಡಿಂಗ್ ಪಾಸಿನ ಮೇಲೆಯೇ ಬರೆದಿರುತ್ತದೆ. ಆದರೆ ನಿಮ್ಮ ಪಾಲಿಗೆ ನಿಜವಾದ ಗಡುವು ಅದಕ್ಕೂ ಮೊದಲೇ ಬರುತ್ತದೆ, ಅದಕ್ಕೆ ಕಾರಣ ನಿಮ್ಮ ಸೂಟ್‌ಕೇಸು. ಪ್ರಯಾಣಿಕರು ಹತ್ತದಿದ್ದರೆ ಅವರ ಚೆಕ್-ಇನ್ ಸಾಮಾನನ್ನೂ ವಿಮಾನದಿಂದ ಇಳಿಸಲೇಬೇಕು ಎಂಬುದು ಅಂತರರಾಷ್ಟ್ರೀಯ ಭದ್ರತಾ ನಿಯಮ. ತುಂಬಿದ ವಿಮಾನದ ಹೊಟ್ಟೆಯಲ್ಲಿ ಎರಡು ಸೂಟ್‌ಕೇಸ್ ಹುಡುಕಿ ಇಳಿಸುವುದು ಸಮಯ ಹಿಡಿಯುವ ಕೆಲಸ. ಹೀಗಾಗಿ ಪಾಸ್‌ಪೋರ್ಟ್ ಸಿಗುವ ಲಕ್ಷಣ ಇಲ್ಲದಿದ್ದರೆ, ಗೇಟ್ ಮುಚ್ಚುವ ಮೊದಲೇ ಅಧಿಕಾರಿ ನಿಮ್ಮನ್ನು ಆಫ್‌ಲೋಡ್ ಮಾಡುವ, ಅಂದರೆ ನಿಮ್ಮನ್ನು ಬಿಟ್ಟು ವಿಮಾನ ಹೊರಡಿಸುವ ನಿರ್ಧಾರ ತೆಗೆದುಕೊಳ್ಳಬಹುದು. ಇದು ಕಠೋರ ಎನಿಸುತ್ತದೆ, ಆದರೆ ನೀವು ಬೇಗ ತಿಳಿಸಿದ್ದರೆ ಅವರು ಸಾಮಾನು ಇರುವ ಜಾಗವನ್ನು ಮೊದಲೇ ಗುರುತಿಸಿಟ್ಟುಕೊಂಡು, ನಿಮಗೆ ಕೊನೆಯ ನಿಮಿಷದವರೆಗೂ ಅವಕಾಶ ಕೊಡಬಲ್ಲರು. ತಡವಾಗಿ ಹೇಳಿದವರಿಗೆ ಈ ಅವಕಾಶ ಸಿಗುವುದು ಕಷ್ಟ.

ಈ ಹೊತ್ತಿನಲ್ಲಿ ಮಾಡಬಾರದ ಒಂದು ಕೆಲಸವನ್ನು ಒತ್ತಿ ಹೇಳಬೇಕು. ಹುಡುಕಾಟ ಮುಗಿಯುವ ಮೊದಲೇ ಗಾಬರಿಯಿಂದ ಪೊಲೀಸರಿಗೋ ಪಾಸ್‌ಪೋರ್ಟ್ ಕಚೇರಿಗೋ ‘ಪಾಸ್‌ಪೋರ್ಟ್ ಕಳೆದುಹೋಗಿದೆ’ ಎಂದು ವಿಧಿವತ್ತಾದ ದೂರು ಕೊಡಬೇಡಿ, ದೂರದಲ್ಲಿರುವ ಮಗಳಿಂದಲೂ ಕೊಡಿಸಬೇಡಿ. ಕಳೆದಿದೆ ಎಂದು ದಾಖಲಾಗಿ ರದ್ದಾದ ಪಾಸ್‌ಪೋರ್ಟ್ ಆಮೇಲೆ ಸಿಕ್ಕರೂ ಅದರಲ್ಲಿ ಪ್ರಯಾಣ ಮಾಡುವಂತಿಲ್ಲ. ಕಳೆದ ಮತ್ತು ಕಳವಾದ ಪಾಸ್‌ಪೋರ್ಟ್‌ಗಳ ಸಂಖ್ಯೆಗಳನ್ನು ದೇಶಗಳು ಇಂಟರ್‌ಪೋಲ್‌ನ ಪಟ್ಟಿಗೆ ಸೇರಿಸುತ್ತವೆ, ಆ ಪಟ್ಟಿಯಲ್ಲಿರುವ ಪಾಸ್‌ಪೋರ್ಟ್ ಹಿಡಿದು ಜರ್ಮನಿಯಲ್ಲಿ ಇಳಿದರೆ ಅಲ್ಲಿಯೇ ತಡೆಯುತ್ತಾರೆ. ವಿಮಾನ ಸಂಸ್ಥೆಗೆ, ಸಿಐಎಸ್‌ಎಫ್‌ಗೆ, ಇಮಿಗ್ರೇಷನ್ ಅಧಿಕಾರಿಗೆ ತಿಳಿಸುವುದು ಬೇರೆ, ಅದು ಹುಡುಕಾಟದ ಭಾಗ. ದೂರು ದಾಖಲಿಸುವುದು, ವಿಮಾನ ಕೈತಪ್ಪಿದ್ದು ಖಚಿತವಾಗಿ, ಹುಡುಕಾಟ ಮುಗಿದ ಮೇಲಿನ ಕೆಲಸ.

ಸಿಗಲೇ ಇಲ್ಲ ಎಂದಾದರೆ ಆ ವಿಮಾನವನ್ನು ಬಿಡುವುದೊಂದೇ ದಾರಿ. ಪಾಸ್‌ಪೋರ್ಟಿನ ಫೋಟೊ, ಜೆರಾಕ್ಸ್, ಡಿಜಿಲಾಕರ್, ಆಧಾರ್ ಇವು ಯಾವುದರಿಂದಲೂ ವಿದೇಶಕ್ಕೆ ಹೋಗಲಾಗದು. ಭಾರತದೊಳಗೆ ಆ ರಾತ್ರಿಗೇ ತುರ್ತು ಪಾಸ್‌ಪೋರ್ಟ್ ಕೊಡುವ ಕೌಂಟರ್ ನಿಲ್ದಾಣದಲ್ಲಿ ಇಲ್ಲ. ಜೊತೆಗೆ, ಹಳೆಯ ಪಾಸ್‌ಪೋರ್ಟಿಗೆ ಅಂಟಿಸಿದ ಷೆಂಗೆನ್ ವೀಸಾ ಕೂಡ ಅದರೊಂದಿಗೇ ಹೋಯಿತು, ಹೊಸ ಪಾಸ್‌ಪೋರ್ಟ್ ಬಂದ ಮೇಲೆ ವೀಸಾಕ್ಕೂ ಮತ್ತೆ ಅರ್ಜಿ ಹಾಕಬೇಕು.

ಆಗ ಗೇಟಿನಲ್ಲಿಯೇ ಮಾಡಿಸಿಕೊಳ್ಳಬೇಕಾದ ಕೆಲಸಗಳಿವೆ, ಇವನ್ನು ಬಿಟ್ಟರೆ ಮುಂದೆ ತೊಂದರೆ. ನೀವು ನಿಲ್ದಾಣಕ್ಕೆ ಬಂದು, ಚೆಕ್-ಇನ್ ಮಾಡಿ, ಕಾಗದಪತ್ರ ಕಳೆದದ್ದರಿಂದ ಪ್ರಯಾಣ ಮಾಡಲಿಲ್ಲ ಎಂದು ಸಂಸ್ಥೆಯ ಕಂಪ್ಯೂಟರಿನಲ್ಲಿ ದಾಖಲಿಸಲು ಹೇಳಿ. ನಿಮ್ಮ ವಾಪಸ್ ಟಿಕೆಟ್ ಅದೇ ಪಿಎನ್‌ಆರ್‌ನಲ್ಲಿದ್ದರೆ, ಹೋಗುವ ಪ್ರಯಾಣ ಮಾಡದವರ ಬರುವ ಪ್ರಯಾಣವೂ ತಾನಾಗಿ ರದ್ದಾಗುವ ಸಾಧ್ಯತೆ ಇದೆ, ಅದನ್ನು ಉಳಿಸಿಕೊಡುವಂತೆ ಅಲ್ಲಿಯೇ ಕೇಳಿಕೊಳ್ಳಿ. ಟಿಕೆಟ್ ಹಣ ವಾಪಸ್ ಬಾರದ ದರದ್ದಾಗಿದ್ದರೂ, ಪ್ರಯಾಣ ಮಾಡದವರಿಗೆ ಸರ್ಕಾರಿ ತೆರಿಗೆ ಮತ್ತು ನಿಲ್ದಾಣದ ಬಳಕೆದಾರ ಶುಲ್ಕವನ್ನು ಹಿಂತಿರುಗಿಸಬೇಕು ಎಂಬುದು ನಾಗರಿಕ ವಿಮಾನಯಾನ ನಿರ್ದೇಶನಾಲಯದ ನಿಯಮ. ಅದನ್ನು ಕೇಳಿ ಪಡೆಯಿರಿ.

ಇಮಿಗ್ರೇಷನ್ ದಾಟಿದವರು ತಾವಾಗಿಯೇ ಹಿಂದಕ್ಕೆ ನಡೆದು ಹೊರಗೆ ಹೋಗುವಂತಿಲ್ಲ. ವಿಮಾನ ಸಂಸ್ಥೆಯ ಸಿಬ್ಬಂದಿ ಜೊತೆಯಲ್ಲಿ ಬರಬೇಕು, ಇಮಿಗ್ರೇಷನ್ ಮೇಜಿನಲ್ಲಿ ನಿಮ್ಮ ನಿರ್ಗಮನವನ್ನು ರದ್ದು ಮಾಡಿಸಬೇಕು. ಪಾಸ್‌ಪೋರ್ಟ್ ಕೈಯಲ್ಲಿದ್ದರೆ ಅದರ ಮೇಲಿನ ಮುದ್ರೆಯನ್ನು ರದ್ದುಗೊಳಿಸುತ್ತಾರೆ. ಅದೇ ಇಲ್ಲದಿದ್ದಾಗ ಮುದ್ರೆ ಹೊಡೆಯಲು ಪುಸ್ತಕ ಇರುವುದಿಲ್ಲ, ಆದ್ದರಿಂದ ಕಂಪ್ಯೂಟರಿನ ದಾಖಲೆ ಸರಿಯಾಯಿತೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ. ಇಲ್ಲವಾದರೆ ನೀವು ಆ ರಾತ್ರಿ ದೇಶ ಬಿಟ್ಟಿದ್ದೀರಿ ಎಂದೇ ದಾಖಲೆಯಲ್ಲಿ ಉಳಿದು, ಮುಂದಿನ ಬಾರಿ ಹೊರಡುವಾಗ ಬಂದದ್ದು ಯಾವಾಗ ಎಂಬ ಪ್ರಶ್ನೆ ಏಳುತ್ತದೆ. ಹೊರಬಂದ ಮೇಲೆ ವಿಮಾನ ನಿಲ್ದಾಣ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ಪ್ರತಿ ಪಡೆದು, ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಮರುವಿತರಣೆಗೆ ಅರ್ಜಿ ಹಾಕಬೇಕು. ಪ್ರವಾಸ ವಿಮೆ ಮಾಡಿಸಿದ್ದರೆ ಅವರೂ ಈ ದೂರಿನ ಪ್ರತಿಯನ್ನೇ ಕೇಳುತ್ತಾರೆ.

ನಿಮ್ಮಲ್ಲಿ ಒಬ್ಬರ ಪಾಸ್‌ಪೋರ್ಟ್ ಮಾತ್ರ ಕಳೆದಿದ್ದರೆ ಇನ್ನೊಬ್ಬರು ಹೋಗಬಹುದೇ? ಹೋಗಬಹುದು, ಸಂಸ್ಥೆ ಪಿಎನ್‌ಆರ್ ಬೇರೆ ಮಾಡಿಕೊಡುತ್ತದೆ. ಆದರೆ ಯಾವ ಸೂಟ್‌ಕೇಸ್ ಯಾರ ಹೆಸರಿನಲ್ಲಿ ಟ್ಯಾಗ್ ಆಗಿದೆಯೋ ಅದು ಅವರ ಜೊತೆಗೇ ಉಳಿಯುತ್ತದೆ ಅಥವಾ ಹೋಗುತ್ತದೆ. ಇಬ್ಬರ ಸಾಮಾನೂ ಒಬ್ಬರ ಹೆಸರಿನಲ್ಲಿದ್ದು ಅವರೇ ಉಳಿಯಬೇಕಾಗಿ ಬಂದರೆ, ಹೋದವರ ಔಷಧಿಯೂ ಇಲ್ಲೇ ಉಳಿಯುತ್ತದೆ. ಚೆಕ್-ಇನ್‌ನಲ್ಲಿಯೇ ತಲಾ ಒಂದೊಂದು ಚೀಲವನ್ನು ಬೇರೆ ಬೇರೆ ಹೆಸರಿಗೆ ಟ್ಯಾಗ್ ಮಾಡಿಸಿ, ಔಷಧಿಗಳನ್ನು ಕೈಚೀಲದಲ್ಲಿಟ್ಟುಕೊಳ್ಳಿ. ನನ್ನ ಅಭಿಪ್ರಾಯ ಕೇಳಿದರೆ, ಮೊದಲ ವಿದೇಶ ಪ್ರಯಾಣದಲ್ಲಿ ಇಬ್ಬರೂ ಉಳಿದು, ಮುಂದಿನ ದಿನಾಂಕಕ್ಕೆ ಜೊತೆಯಾಗಿ ಹೋಗುವುದೇ ಲೇಸು.

ಬೋರ್ಡಿಂಗ್ ಪಾಸ್ ಕಳೆದದ್ದಾದರೆ ಇಷ್ಟೊಂದು ಗಾಬರಿ ಬೇಡ. ಅದು ಮತ್ತೆ ಅಚ್ಚು ಹಾಕಬಹುದಾದ ಕಾಗದ. ಸೆಕ್ಯುರಿಟಿಗಿಂತ ಮೊದಲು ಕಳೆದರೆ ಚೆಕ್-ಇನ್ ಕೌಂಟರ್‌ನಲ್ಲಿ, ನಂತರ ಕಳೆದರೆ ಗೇಟಿನಲ್ಲಿ ಪಾಸ್‌ಪೋರ್ಟ್ ತೋರಿಸಿ ಇನ್ನೊಂದು ಪ್ರತಿ ಪಡೆಯಿರಿ. ಕೌಂಟರ್‌ನಲ್ಲಿ ಬೋರ್ಡಿಂಗ್ ಪಾಸ್ ಕೊಡಲು ಸಂಸ್ಥೆಗಳು ಹೆಚ್ಚುವರಿ ಹಣ ಕೇಳಬಾರದು ಎಂದು ನಾಗರಿಕ ವಿಮಾನಯಾನ ಸಚಿವಾಲಯ 2022ರ ಜುಲೈನಲ್ಲಿಯೇ ತಿಳಿಸಿದೆ. ಒಂದೇ ಎಚ್ಚರಿಕೆ: ಹೊಸ ಪ್ರತಿಯ ಮೇಲೆ ಇಮಿಗ್ರೇಷನ್ ಅಥವಾ ಭದ್ರತಾ ಮುದ್ರೆ ಬೇಕಿದ್ದರೆ ಸಿಬ್ಬಂದಿ ಅದನ್ನು ಒಯ್ದು ಸರಿಮಾಡಿಸಿಕೊಂಡು ಬರಬೇಕಾಗುತ್ತದೆ, ಆದ್ದರಿಂದ ಹತ್ತುವ ಸಾಲು ಆರಂಭವಾಗುವವರೆಗೆ ಕಾಯದೆ ಕೂಡಲೇ ಹೇಳಿ. ಸಾಮಾನಿನ ಟ್ಯಾಗ್ ಚೀಟಿಗಳನ್ನು ಸಾಮಾನ್ಯವಾಗಿ ಬೋರ್ಡಿಂಗ್ ಪಾಸಿನ ಹಿಂಬದಿಗೇ ಅಂಟಿಸಿರುತ್ತಾರೆ. ಹೊಸ ಪ್ರತಿ ಪಡೆಯುವಾಗ ಆ ಸಂಖ್ಯೆಗಳನ್ನೂ ಬರೆಸಿಕೊಳ್ಳಿ, ಫ್ರಾಂಕ್‌ಫರ್ಟ್‌ನಲ್ಲಿ ಸೂಟ್‌ಕೇಸ್ ಬಾರದಿದ್ದರೆ ಮೊದಲು ಕೇಳುವುದು ಅದನ್ನೇ.

ಪರ್ಸ್ ಕಳೆಯುವುದು ಹೆಚ್ಚಾಗಿ ಸೆಕ್ಯುರಿಟಿ ಟ್ರೇಯಲ್ಲಿ. ಗಂಡಸರು ಬೆಲ್ಟು, ಗಡಿಯಾರ, ಪರ್ಸು, ಫೋನು ಎಲ್ಲವನ್ನೂ ಒಂದೇ ಟ್ರೇಗೆ ಹಾಕುತ್ತಾರೆ, ಆಚೆ ಕಡೆ ಬಂದಾಗ ಫೋನು ಮತ್ತು ಬೆಲ್ಟು ತೆಗೆದುಕೊಂಡು ಹೊರಡುತ್ತಾರೆ. ಕಪ್ಪು ಪರ್ಸು ಬೂದು ಟ್ರೇಯ ಮೂಲೆಯಲ್ಲಿ ಕಾಣುವುದಿಲ್ಲ, ಟ್ರೇ ತಾನಾಗಿ ಹಿಂದಕ್ಕೆ ಸಾಗಿಬಿಡುತ್ತದೆ. ಹೀಗಾದರೆ ಅದೇ ಸಾಲಿನ ಸಿಐಎಸ್‌ಎಫ್ ಸಿಬ್ಬಂದಿಗೆ ಹೇಳಿ, ನೀವು ಹೋದದ್ದು ಎಷ್ಟನೇ ಸಾಲು ಎಂದು ನೆನಪಿಟ್ಟುಕೊಂಡಿದ್ದರೆ ಬಹಳ ಸಹಾಯ. ಪರ್ಸು ನಿಮ್ಮದೇ ಎಂದು ತೋರಿಸಲು ಒಳಗಿನ ಕಾರ್ಡುಗಳ ಬ್ಯಾಂಕಿನ ಹೆಸರು, ಫೋಟೊ, ಅಂದಾಜು ಹಣ ಹೇಳಬೇಕಾಗುತ್ತದೆ, ಸಿಕ್ಕಾಗ ಬರೆದುಕೊಂಡು ಸಹಿ ಪಡೆದು ಕೊಡುತ್ತಾರೆ.

ಕಾರ್ಡುಗಳ ವಿಷಯದಲ್ಲೂ ಪಾಸ್‌ಪೋರ್ಟಿನಂತೆಯೇ, ಹಿಂದಕ್ಕೆ ಪಡೆಯಬಹುದಾದ ಹೆಜ್ಜೆಯನ್ನು ಮೊದಲು ಇಡಿ. ಬ್ಯಾಂಕಿನ ಆ್ಯಪ್ ತೆರೆದು ಕಾರ್ಡನ್ನು ತಾತ್ಕಾಲಿಕವಾಗಿ ಆಫ್ ಮಾಡಿ, ಒಂದು ನಿಮಿಷದ ಕೆಲಸ, ಸಿಕ್ಕರೆ ಮತ್ತೆ ಆನ್ ಮಾಡಬಹುದು. ಇದನ್ನು ಹುಡುಕುವುದಕ್ಕೂ ಮೊದಲೇ ಮಾಡಬೇಕು, ಏಕೆಂದರೆ ತಟ್ಟಿ ಹಣ ಕಟ್ಟುವ ಕಾರ್ಡಿನಲ್ಲಿ ಒಂದು ಸಲಕ್ಕೆ 5,000 ರೂಪಾಯಿಯವರೆಗೆ ಪಿನ್ ಕೇಳುವುದಿಲ್ಲ. ಪರ್ಸ್ ಸಿಗಲಿಲ್ಲ ಎಂದು ಖಚಿತವಾದ ಮೇಲೆ, ವಿಮಾನ ಹತ್ತುವ ಮೊದಲೇ ಬ್ಯಾಂಕಿಗೆ ಕರೆ ಮಾಡಿ ಶಾಶ್ವತವಾಗಿ ಬ್ಲಾಕ್ ಮಾಡಿಸಿ, ದೂರಿನ ಸಂಖ್ಯೆ ಬರೆದುಕೊಳ್ಳಿ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ, ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು, ಆದರೆ ತಿಳಿಸಿದ್ದಕ್ಕೆ ನಿಮ್ಮ ಬಳಿ ಗುರುತು ಇರಬೇಕು. ವಿಮಾನದಲ್ಲಿ ಕುಳಿತ ಮೇಲೆ ಒಂಬತ್ತು ಹತ್ತು ಗಂಟೆ ಯಾವ ಕರೆಯೂ ಆಗುವುದಿಲ್ಲ.

ಪಾಸ್‌ಪೋರ್ಟ್ ಮತ್ತು ಬೋರ್ಡಿಂಗ್ ಪಾಸ್ ಇದ್ದರೆ ಪರ್ಸ್ ಇಲ್ಲದೆಯೂ ವಿಮಾನ ಹತ್ತಬಹುದು. ಅಲ್ಲಿ ಮಗಳು ಕರೆದುಕೊಳ್ಳಲು ಬರುತ್ತಾರೆ, ಹಾಗಾಗಿ ಪರ್ಸಿಗಾಗಿ ವಿಮಾನ ಬಿಡಬೇಡಿ, ವಿವರವನ್ನು ಕಳೆದ ವಸ್ತುಗಳ ವಿಭಾಗಕ್ಕೆ ಬರೆಸಿ ಹೊರಡಿ. ನಿಲ್ದಾಣಗಳಲ್ಲಿ ಸಿಕ್ಕ ವಸ್ತುಗಳ ಪಟ್ಟಿಯನ್ನು ಸಿಐಎಸ್‌ಎಫ್ ತನ್ನ ಜಾಲತಾಣದಲ್ಲಿಯೂ ಹಾಕುತ್ತದೆ, ಊರಿನಲ್ಲಿರುವ ಸಂಬಂಧಿಕರಿಂದ ಅದನ್ನು ನೋಡಿಸಬಹುದು. ಬೆಂಗಳೂರಿಗೆ ದೇಶದೊಳಗಿನ ವಿಮಾನದಲ್ಲಿ ಬರುವ ನಿಮ್ಮ ಬಂಧುಗಳು ಯಾರಾದರೂ ಪರ್ಸಿನ ಜೊತೆ ಗುರುತಿನ ಚೀಟಿಯನ್ನೂ ಕಳೆದುಕೊಂಡರೆ, ಫೋನಿನಲ್ಲಿರುವ ಎಂ-ಆಧಾರ್ ಅಥವಾ ಡಿಜಿಲಾಕರ್‌ನ ದಾಖಲೆ ಸಾಕಾಗುತ್ತದೆ. ಗ್ಯಾಲರಿಯಲ್ಲಿರುವ ಆಧಾರ್ ಫೋಟೊ ಸಾಕಾಗದು, ಆ ಆ್ಯಪ್‌ಗಳಿಂದಲೇ ತೆರೆದು ತೋರಿಸಬೇಕು.

ವಾಪಸ್ ಬರುವಾಗ ಫ್ರಾಂಕ್‌ಫರ್ಟ್‌ನಲ್ಲಿ ಪಾಸ್‌ಪೋರ್ಟ್ ಕಳೆದರೆ ದಾರಿ ಬೇರೆಯಾಗಿದೆ ಎಂಬುದನ್ನೂ ಹೇಳಿಬಿಡುತ್ತೇನೆ. ಆ ಊರಿನಲ್ಲಿ ಭಾರತದ ಕಾನ್ಸುಲೇಟ್ ಕಚೇರಿ ಇದೆ. ಅಲ್ಲಿಯ ಪೊಲೀಸರಿಗೆ ದೂರು ಕೊಟ್ಟು ಅದರ ಪ್ರತಿಯೊಂದಿಗೆ ಹೋದರೆ, ಭಾರತಕ್ಕೆ ಒಂದೇ ಬಾರಿ ಮರಳಲು ಅನುಕೂಲವಾಗುವ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡುತ್ತಾರೆ. ಅದಕ್ಕೆ ಕಚೇರಿಯ ವೇಳೆ ಬೇಕು, ಆದ್ದರಿಂದ ಅದೇ ದಿನದ ವಿಮಾನ ಸಿಗುವುದು ಕಷ್ಟ. ಈ ಅರ್ಜಿಗೆ ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟದ ಪ್ರತಿ ಇದ್ದರೆ ಕೆಲಸ ಹಗುರ. ಹೊರಡುವ ಮೊದಲು ಆ ಎರಡು ಪುಟ ಮತ್ತು ವೀಸಾ ಪುಟದ ಫೋಟೊಗಳನ್ನು ಮಗಳ ಫೋನಿಗೆ ಕಳಿಸಿ, ಒಂದು ಜೆರಾಕ್ಸ್ ಪ್ರತಿಯನ್ನೂ ಎರಡು ಭಾವಚಿತ್ರಗಳನ್ನೂ ಪಾಸ್‌ಪೋರ್ಟ್ ಇಡುವ ಚೀಲದಲ್ಲಿ ಇಡದೆ ಬೇರೆ ಚೀಲದಲ್ಲಿಡಿ.